ಹಾಸ್ಟೆಲಿನ ಏಳು ರಿಜಿಸ್ಟರುಗಳಲ್ಲಿ ಮೊದಲು ಯಾವುದನ್ನು ಮುಟ್ಟಬೇಕು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಈ ವರ್ಷದಿಂದ ಹುಡುಗಿಯರ ಹಾಸ್ಟೆಲಿನ ಸಹಾಯಕ ವಾರ್ಡನ್ ಕೆಲಸವೂ ನನ್ನ ತಲೆಗೆ ಬಂದಿದೆ. 140 ಮಕ್ಕಳು, ಏಳು ರಿಜಿಸ್ಟರು. ಪ್ರತಿ ತಿಂಗಳು ಬಿಲ್ ಹಾಕಿದ ದಿನ ಐದಾರು ಮಕ್ಕಳು ಮೆಸ್ ಕಟ್, ಅಂದರೆ ಊಟ ಮಾಡದ ದಿನಗಳ ಕಡಿತ, ಸಿಗಲಿಲ್ಲವೆಂದು ಬರುತ್ತಾರೆ. ಎಲ್ಲ ರಿಜಿಸ್ಟರುಗಳನ್ನೂ ಕಂಪ್ಯೂಟರಿಗೆ ಹಾಕುವ ಎಂದು ಪ್ರಿನ್ಸಿಪಾಲರಿಗೆ ಬರೆದೆ. "ಖರ್ಚೆಷ್ಟು? ಹಾಳಾದರೆ ಯಾರು ಹೊಣೆ?" ಎಂದು ಮೇಲೆ ಗೀಚಿ ವಾಪಸು ಕಳಿಸಿದರು. ಕಂಪ್ಯೂಟರಿನ ಲೆಕ್ಕ ಆಡಿಟಿಗೆ ನಡೆಯುವುದಿಲ್ಲ ಎಂದು ಸೂಪರಿಂಟೆಂಡೆಂಟರು ಹೇಳುತ್ತಾರೆ. ಬಿ.ಸಿ.ಎ. ಓದುವ ಒಬ್ಬಳು ಆ್ಯಪ್ ಮಾಡಿಕೊಡುತ್ತೇನೆ ಎನ್ನುತ್ತಿದ್ದಾಳೆ. ಪತ್ರವನ್ನು ಮತ್ತೆ ಹೇಗೆ ಬರೆಯಲಿ?

ಉತ್ತರ: ನಿಮ್ಮ ಪ್ರಿನ್ಸಿಪಾಲರು ಕೇಳಿದ ಎರಡೂ ಪ್ರಶ್ನೆಗಳು ಸರಿಯಾಗಿಯೇ ಇವೆ. ಸಂಸ್ಥೆಗಳ ಕಡತ, ಲೆಕ್ಕಪತ್ರಗಳನ್ನು ಕಂಪ್ಯೂಟರಿಗೆ ತರುವ ಕೆಲಸವನ್ನು ಬಹಳ ವರ್ಷ ಮಾಡಿದವನು ನಾನು. "ಎಲ್ಲವನ್ನೂ" ಎಂಬ ಮಾತಿದ್ದ ಪ್ರಸ್ತಾವಗಳು ಹೆಚ್ಚಿನವು ಮೇಜಿನಿಂದ ವಾಪಸು ಬಂದದ್ದನ್ನೇ ಕಂಡಿದ್ದೇನೆ. ಮಂಜೂರಾದ ಒಂದೆರಡು ಮೊದಲ ವರ್ಷವೇ ಬಿದ್ದುಹೋದವು. ಏಳರಲ್ಲಿ ಒಂದನ್ನು ಮಾತ್ರ ಕೇಳಿ. ಅದು ಮೆಸ್ ರಿಜಿಸ್ಟರು. ಯಾಕೆ ಅದೇ ಎಂದರೆ, ಅಲ್ಲಿ ಆಗುವ ತಪ್ಪು ಯಾರ ಕಣ್ಣಿಗೂ ಬೀಳದಂಥದ್ದು. ಒಂದು ತಿಂಗಳ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು, ನೀವು ನಿಮ್ಮದನ್ನು ಹಾಕಿ ನೋಡಿ.

ನಮ್ಮ ಕಡೆಯ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಇರುವುದು ಡಿವೈಡಿಂಗ್ ಪದ್ಧತಿ. ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟದ ದಿನಗಳಿಂದ ಭಾಗಿಸಿದರೆ ಒಂದು ದಿನದ ದರ ಬರುತ್ತದೆ. ಅದನ್ನು ಪ್ರತಿಯೊಬ್ಬಳು ಊಟ ಮಾಡಿದ ದಿನಗಳಿಂದ ಗುಣಿಸಿದರೆ ಅವಳ ಬಿಲ್ಲು. ನವೆಂಬರ್ ತಿಂಗಳು ಎಂದಿಟ್ಟುಕೊಳ್ಳಿ. 140 ಮಂದಿಗೆ 30 ದಿನ, ಒಟ್ಟು 4,200 ದಿನ. ವಾರದ ಕೊನೆಗೆ ಊರಿಗೆ ಹೋದವರು, ಜ್ವರ ಬಂದು ಹೋದವರು ಎಲ್ಲ ಸೇರಿ 612 ದಿನಗಳ ಮೆಸ್ ಕಟ್. ಉಳಿದದ್ದು 3,588 ದಿನ. ಖರ್ಚು ₹3,04,980 ಆಗಿದ್ದರೆ ದಿನಕ್ಕೆ ಸರಿಯಾಗಿ ₹85.

ಈಗ ಆರು ಮಕ್ಕಳ ರಜೆಯ ಚೀಟಿ ತಪ್ಪಿಹೋಯಿತು ಎನ್ನಿ, ಒಬ್ಬೊಬ್ಬಳದು ಎಂಟೆಂಟು ದಿನ. ಶುಕ್ರವಾರ ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಚೀಟಿಯನ್ನು ವಾಚ್‌ಮನ್ ಕೈಯಲ್ಲಿ ಕೊಟ್ಟು ಓಡಿದ್ದಾರೆ. ಅದು ರಜೆಯ ರಿಜಿಸ್ಟರಿಗೆ ಏರಿದೆ, ಮೆಸ್ಸಿನದಕ್ಕೆ ಏರಿಲ್ಲ. 48 ದಿನ ಹೆಚ್ಚು ಲೆಕ್ಕಕ್ಕೆ ಬಂದು ಒಟ್ಟು 3,636 ಆಯಿತು. ದರ ₹83.88ಕ್ಕೆ ಇಳಿಯಿತು. ಆ ಆರು ಮಂದಿಯಲ್ಲಿ ಒಬ್ಬೊಬ್ಬಳೂ 22 ದಿನಕ್ಕೆ ₹1,870 ಕೊಡಬೇಕಾಗಿದ್ದವಳು 30 ದಿನಕ್ಕೆ ₹2,516 ಕೊಡುತ್ತಾಳೆ. ₹646 ಜಾಸ್ತಿ. ತಿಂಗಳಿಡೀ ಉಂಡವಳಿಗೆ ₹2,550ರ ಬದಲು ಅದೇ ₹2,516, ಅಂದರೆ ₹34 ಕಡಿಮೆ.

ಇಲ್ಲಿ ಎರಡು ಸಂಗತಿ ನೋಡಿ. ಮೊದಲನೆಯದು, ತಪ್ಪಿನಿಂದ ಲಾಭವಾದವರು 134 ಮಂದಿ, ನಷ್ಟವಾದವರು ಆರು. ಇಪ್ಪತ್ತು ಮೂವತ್ತು ರೂಪಾಯಿ ಕಡಿಮೆ ಬಂತೆಂದು ದೂರು ಹೇಳಲು ಯಾರೂ ಬರುವುದಿಲ್ಲ. ಬರುವ ಆರು ಮಂದಿ ಜಗಳಗಂಟಿಯರ ಹಾಗೆ ಕಾಣುತ್ತಾರೆ. ಎರಡನೆಯದು ಇನ್ನೂ ಮುಖ್ಯ: ವಸೂಲಿಯ ಒಟ್ಟು ಮೊತ್ತ ಆಗಲೂ ₹3,04,980ಕ್ಕೇ ತಾಳೆಯಾಗುತ್ತದೆ. ಭಾಗಿಸಿ ಹಂಚುವ ಲೆಕ್ಕ ಅದು, ಹೇಗೆ ಹಂಚಿದರೂ ಒಟ್ಟು ಸರಿಯೇ. ಆಡಿಟಿನವರು ವರ್ಷಗಟ್ಟಲೆ ನೋಡಿದರೂ ಈ ತಪ್ಪು ಸಿಕ್ಕುವುದಿಲ್ಲ. "ನಮ್ಮ ಲೆಕ್ಕದಲ್ಲಿ ಇದುವರೆಗೆ ಒಂದು ಪೈಸೆ ವ್ಯತ್ಯಾಸ ಬಂದದ್ದಿಲ್ಲ" ಎಂದು ನಿಮ್ಮ ಸೂಪರಿಂಟೆಂಡೆಂಟರು ಹೇಳುವುದೂ, ನಿಮ್ಮ ಬಾಗಿಲಲ್ಲಿ ಮಕ್ಕಳು ಅಳುವುದೂ ಒಟ್ಟಿಗೇ ನಿಜವಾಗಬಹುದು. ನಿಮ್ಮ ಪತ್ರ ಈ ಲೆಕ್ಕದಿಂದಲೇ ಶುರುವಾಗಲಿ. ಆಧುನೀಕರಣ, ಪಾರದರ್ಶಕತೆ ಮುಂತಾದ ಮಾತುಗಳು ಅದರಲ್ಲಿ ಬೇಡ.

ಕಾರಣ ಕಾಗದವಲ್ಲ ಎಂಬುದನ್ನೂ ಒಪ್ಪಿಕೊಳ್ಳಿ. ಒಂದೇ ಚೀಟಿ ಎರಡು ರಿಜಿಸ್ಟರಿಗೆ, ಇಬ್ಬರ ಕೈಯಿಂದ, ಬೇರೆ ಬೇರೆ ದಿನ ಏರಬೇಕಾಗಿರುವುದು ಕಾರಣ. ಎರಡು ಕಡೆ ಬರೆಯುವ ಪದ್ಧತಿಯನ್ನು ಹಾಗೆಯೇ ಇಟ್ಟುಕೊಂಡು ಕಂಪ್ಯೂಟರು ತಂದರೆ ತಪ್ಪು ಟೈಪಾಗಿ ಬರುತ್ತದೆ, ಅಷ್ಟೆ.

ಇನ್ನು ಆಡಿಟಿನ ಮಾತು. ಕಂಪ್ಯೂಟರಿನ ದಾಖಲೆಗೆ ಕಾನೂನಿನಲ್ಲಿ ಬೆಲೆ ಇಲ್ಲ ಎನ್ನುವುದು ತಪ್ಪು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮು ವಿದ್ಯುನ್ಮಾನ ದಾಖಲೆಯನ್ನು ಲಿಖಿತ ದಾಖಲೆಗೆ ಸಮ ಎಂದು ಒಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಅದನ್ನು ಕೋರ್ಟಿನಲ್ಲಿ ಹಾಜರುಪಡಿಸುವ ಕ್ರಮ ಹೇಳುತ್ತದೆ. ಆದರೆ ಅದಕ್ಕೆ ಜೊತೆಯಲ್ಲಿ ಪ್ರಮಾಣಪತ್ರ ಬೇಕು. ಹಾಸ್ಟೆಲಿನ ಊಟದ ಲೆಕ್ಕಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ತಿಂಗಳ ಬಿಲ್ ಪಟ್ಟಿಯನ್ನು ಪ್ರಿಂಟ್ ತೆಗೆದು, ವಾರ್ಡನ್ ರುಜು ಹಾಕಿ, ಫೈಲ್ ಮಾಡಿ. ಸಹಿ ಇರುವ ಚೀಟಿಗಳೂ ಫೈಲಿನಲ್ಲೇ ಇರಲಿ. ಆಡಿಟಿನವರ ಮುಂದೆ ಇಡುವುದು ಆ ಕಾಗದವನ್ನೇ. ಕಂಪ್ಯೂಟರು ಹಿಂದೆ ಕೂತು ಕೂಡಿಸಿ ಕಳೆಯುವ ಗುಮಾಸ್ತ. ಇದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದರೆ ಸೂಪರಿಂಟೆಂಡೆಂಟರ ವಿರೋಧ ಅರ್ಧ ಕರಗುತ್ತದೆ.

ಹಾಗಂತ ಅವರ ಭಯವನ್ನು ಸುಳ್ಳೆಂದು ತಳ್ಳಿಹಾಕಬೇಡಿ. ಕಾಗದಕ್ಕೆ ಒಂದು ಗುಣ ಉಂಟು. ತಿದ್ದಿದರೆ ಗೊತ್ತಾಗುತ್ತದೆ. ಉಜ್ಜಿದ ಕಲೆ ಉಳಿಯುತ್ತದೆ, ವೈಟ್ನರ್ ಹಾಕಿದರೆ ಕಾಣುತ್ತದೆ, ಹಾಳೆ ಹರಿದರೆ ಪುಟದ ಅಂಕೆ ತಪ್ಪುತ್ತದೆ. ಡೇಟಾಬೇಸಿನಲ್ಲಿ 8 ಎಂದಿದ್ದುದನ್ನು 6 ಮಾಡಿದರೆ ಅದು ಮೊದಲಿನಿಂದಲೂ 6 ಆಗಿತ್ತೋ ಎಂಬ ಹಾಗೆ ಇರುತ್ತದೆ. ಒರಳೆ ಹಿಡಿಯುವುದು, ಆಟಿಯ ಮಳೆಗೆ ಹಾಳೆಗಳು ಅಂಟಿಕೊಳ್ಳುವುದು ಕಾಗದದ ಕಷ್ಟವಾದರೆ, ಗುರುತಿಲ್ಲದೆ ತಿದ್ದಲು ಬರುವುದು ಇದರ ಕಷ್ಟ. ರಕ್ಷಣೆಯ ಏರ್ಪಾಟನ್ನು ಈ ಒಂದು ದೋಷವನ್ನು ಎದುರಿಟ್ಟುಕೊಂಡು ಮಾಡಬೇಕು.

ಯಾವುದರಲ್ಲಿ ಮಾಡುವುದು ಎಂಬುದಕ್ಕೆ ನಿಮ್ಮ ಮುಂದೆ ಮೂರು ದಾರಿ ಇದೆ. ಎಕ್ಸೆಲ್ ಅಥವಾ ಲಿಬ್ರೆ ಆಫೀಸಿನ ಹಾಳೆ ಎಲ್ಲರಿಗೂ ಗೊತ್ತಿರುವಂಥದ್ದು. ಕೇರಳದ ಶಾಲೆಗಳಲ್ಲಿ ಐ.ಟಿ. ಪಾಠ ಸ್ವತಂತ್ರ ತಂತ್ರಾಂಶದಲ್ಲೇ ನಡೆಯುವುದರಿಂದ ನಿಮ್ಮ ಮಕ್ಕಳಿಗೂ ಹೊಸದಲ್ಲ. ಅಪಾಯ ಏನೆಂದರೆ ಅದು ಏನು ಬರೆದರೂ ಒಪ್ಪಿಕೊಳ್ಳುತ್ತದೆ. ಒಂದೇ ಕಾಲಮನ್ನು ಆರಿಸಿ ಅಕ್ಷರಕ್ರಮಕ್ಕೆ ಹಾಕಿದರೆ ಹೆಸರು ಒಬ್ಬಳದು, ದಿನ ಇನ್ನೊಬ್ಬಳದು ಆಗಿಬಿಡುತ್ತದೆ. ಹಾಗಾದದ್ದು ಎರಡು ವಾರ ಕಳೆದು ಗೊತ್ತಾದರೆ ಸರಿಮಾಡುವ ದಾರಿಯೇ ಇರುವುದಿಲ್ಲ.

ಎರಡನೆಯದು ಹೊರಗಿನ ಕಂಪೆನಿಗಳ ತಯಾರಿ ಹಾಸ್ಟೆಲ್ ತಂತ್ರಾಂಶ. ವರ್ಷವರ್ಷ ಹಣ ಕೊಡಬೇಕು, ಹುಡುಗಿಯರ ವಿವರ ನಿಮ್ಮ ಕೈಯಿಂದ ಹೊರಗೆ ಹೋಗುತ್ತದೆ, ಬಿಟ್ಟು ಬರಬೇಕೆಂದಾಗ ನಿಮ್ಮ ದತ್ತಾಂಶ ಯಾವ ರೂಪದಲ್ಲಿ ವಾಪಸು ಸಿಗುತ್ತದೆಂದು ಮೊದಲೇ ಬರೆಸಿಕೊಂಡವರು ಕಡಿಮೆ. 140 ಮಂದಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ನಾನು ಹೇಳುವುದು ಮೂರನೆಯದನ್ನು: SQLite ಎಂಬ ಡೇಟಾಬೇಸ್ ತಂತ್ರಾಂಶ. ದುಡ್ಡಿಲ್ಲ, ಸರ್ವರ್ ಬೇಡ, ಇಂಟರ್‌ನೆಟ್ ಬೇಡ. ಇಡೀ ಡೇಟಾಬೇಸು ಒಂದೇ ಫೈಲು. ಬರೆಯಲು, ನೋಡಲು DB Browser for SQLite ಎಂಬ ಉಚಿತ ತಂತ್ರಾಂಶ ಸಾಕು. ಅದರ ಪರದೆ ಎಕ್ಸೆಲ್ ಹಾಳೆಯ ಹಾಗೆಯೇ ಕಾಣುತ್ತದೆ. ಅದರಲ್ಲಿ ಒಂದು ಎಚ್ಚರ ಬೇಕು. ಟೈಪ್ ಮಾಡಿದ ಮೇಲೆ Write Changes ಒತ್ತದೆ ಹೋದರೆ ಏನೂ ಉಳಿಯುವುದಿಲ್ಲ. ನಮ್ಮಲ್ಲಿ ಕರೆಂಟು ಹೋಗುವ ಪರಿಗೆ ಪ್ರತಿ ಹತ್ತು ಚೀಟಿಗೊಮ್ಮೆ ಒತ್ತುವ ಅಭ್ಯಾಸ ಮಾಡಿಸಿ. ಇನ್ನೊಂದು, ಈ ಫೈಲನ್ನು ಎರಡು ಕಂಪ್ಯೂಟರುಗಳಿಂದ ನೆಟ್‌ವರ್ಕ್ ಫೋಲ್ಡರಿನಲ್ಲಿ ತೆರೆಯಬೇಡಿ, ತಾನಾಗಿ ಮೇಲಕ್ಕೆ ಏರಿಸುವ ಕ್ಲೌಡ್ ಫೋಲ್ಡರಿನಲ್ಲೂ ಇಡಬೇಡಿ. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ ಅಲ್ಲಿ ಸರಿಯಾಗಿ ಬೀಳುವುದಿಲ್ಲ. ಫೈಲು ಕೆಡಬಹುದು. ಒಂದು ಕಂಪ್ಯೂಟರು, ಒಬ್ಬ ಬರೆಯುವವರು. 140 ಮಂದಿಗೆ ಅಷ್ಟು ಧಾರಾಳ.

ಆ ಬಿ.ಸಿ.ಎ. ಹುಡುಗಿಯ ಉತ್ಸಾಹವನ್ನು ಬಿಡಬೇಡಿ, ಆದರೆ ಆ್ಯಪ್ ಬೇಡ ಎನ್ನಿ. ನಾನು ಕೆಲಸ ಮಾಡಿದ ಒಂದು ಕಡೆ ಕೊನೆಯ ವರ್ಷದ ಹುಡುಗನೊಬ್ಬ ಚಂದದ ಆ್ಯಪ್ ಮಾಡಿಕೊಟ್ಟಿದ್ದ. ಪಾಸಾಗಿ ಗಲ್ಫಿಗೆ ಹೋದ. ಪಾಸ್‌ವರ್ಡ್ ಅವನ ಹಳೆಯ ಫೋನಿನಲ್ಲಿತ್ತು. ಮೂರು ತಿಂಗಳ ಲೆಕ್ಕವನ್ನು ನಾವು ಮತ್ತೆ ಚೀಟಿಗಳಿಂದ ಕೂಡಿಸಬೇಕಾಯಿತು. ಮಾರಾಯ್ರೆ, ಆ ಚೀಟಿಗಳನ್ನು ಅಡುಗೆಯವರು ಒಲೆಗೆ ಹಾಕದೆ ಇಟ್ಟಿದ್ದೇ ದೊಡ್ಡ ಪುಣ್ಯ. ನಿಮ್ಮ ಹುಡುಗಿಯಿಂದ ಕೆಳಗಿನ ಎರಡು ಕೋಷ್ಟಕ ಮಾಡಿಸಿ, ಪ್ರತಿ ಕಾಲಮಿನ ಅರ್ಥವನ್ನು ಒಂದು ಪುಟದಲ್ಲಿ ಕೈಯಿಂದ ಬರೆಸಿ ಫೈಲಿಗೆ ಹಾಕಿ. ಅವಳು ಹೋದ ಮೇಲೆ ಬರುವ ಯಾರಿಗಾದರೂ ಅದು ಅರ್ಥವಾಗುತ್ತದೆ.

```sql
CREATE TABLE students (
  adm_no  TEXT PRIMARY KEY,
  name_en TEXT NOT NULL,
  name_kn TEXT,
  room    TEXT
);
CREATE TABLE mess_cut (
  adm_no TEXT NOT NULL REFERENCES students(adm_no),
  dina   TEXT NOT NULL CHECK (dina IS date(dina, '+0 days')),
  cheeti INTEGER NOT NULL,
  raddu  INTEGER NOT NULL DEFAULT 0,
  karana TEXT,
  PRIMARY KEY (adm_no, dina)
);
```

ಎರಡನೆಯ ಕೋಷ್ಟಕದಲ್ಲಿ "ಇಂಥ ದಿನದಿಂದ ಇಂಥ ದಿನದವರೆಗೆ" ಎಂಬ ಎರಡು ತಾರೀಕು ಇಲ್ಲದಿರುವುದನ್ನು ಗಮನಿಸಿ. ಒಬ್ಬಳು ಊಟ ಮಾಡದ ಒಂದೊಂದು ದಿನಕ್ಕೂ ಒಂದು ಸಾಲು. ಇದು ದಡ್ಡತನದ ಹಾಗೆ ಕಾಣುತ್ತದೆ. ಎಂಟು ದಿನಕ್ಕೆ ಎಂಟು ಸಾಲು ಟೈಪ್ ಮಾಡಬೇಕಲ್ಲ! ಆದರೆ ಜಗಳದ ಎರಡು ಮೂಲಗಳು ಇದರಿಂದಲೇ ಹೋಗುತ್ತವೆ. ಒಂದು, ತಿಂಗಳು ದಾಟುವ ರಜೆ. ನವೆಂಬರ್ 28ಕ್ಕೆ ಹೋಗಿ ಡಿಸೆಂಬರ್ 3ಕ್ಕೆ ಬಂದವಳ ಚೀಟಿಯನ್ನು ಯಾವ ತಿಂಗಳಿಗೆ ಸೇರಿಸುವುದು ಎಂಬ ಗೊಂದಲದಲ್ಲಿ ಅದು ಎರಡಕ್ಕೂ ಸೇರುತ್ತದೆ, ಇಲ್ಲವೇ ಎರಡರಲ್ಲೂ ಬಿಟ್ಟುಹೋಗುತ್ತದೆ. ದಿನಕ್ಕೊಂದು ಸಾಲಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ಎರಡು, ಒಂದೇ ರಜೆ ಎರಡು ಸಲ ಏರುವುದು. ಕೊನೆಯ ಸಾಲಿನ PRIMARY KEY ಅದೇ ಹುಡುಗಿಗೆ ಅದೇ ದಿನವನ್ನು ಇನ್ನೊಮ್ಮೆ ಬರೆಯಲು ಬಿಡುವುದಿಲ್ಲ. ತಾರೀಕಿನ ಪಕ್ಕದ CHECK ಕೂಡ ಹಾಗೆಯೇ. 05/11 ಎಂದರೆ ನವೆಂಬರ್ 5ನೆಯದೋ ಮೇ 11ನೆಯದೋ ಎಂಬ ಅನುಮಾನಕ್ಕೆ ಎಡೆಯಿಲ್ಲ, 2025-11-05 ಎಂದೇ ಬರೆಯಬೇಕು. ನವೆಂಬರ್ 31 ಎಂದು ಹಾಕಿದರೂ ಒಳಗೆ ಬಿಡುವುದಿಲ್ಲ. ತಿಂಗಳಿಗೆ ಆರುನೂರು ಸಾಲು ಎಂದರೆ ದಿನಕ್ಕೆ ಇಪ್ಪತ್ತು, ನಾಲ್ಕೈದು ನಿಮಿಷದ ಕೆಲಸ.

ಒಂದು ಸಣ್ಣ ತೊಡಕು ಉಂಟು. ಪಟ್ಟಿಯಲ್ಲಿಲ್ಲದ ಅಡ್ಮಿಶನ್ ನಂಬರನ್ನು SQLite ತಾನಾಗಿ ತಡೆಯುವುದಿಲ್ಲ. DB Browser ನಲ್ಲಿ Edit Pragmas ಎಂಬಲ್ಲಿ Foreign Keys ಟಿಕ್ ಆಗಿದೆಯೇ ಎಂದು ನೋಡಿಕೊಳ್ಳಿ. ತಿಂಗಳ ಕೊನೆಗೆ ಒಬ್ಬೊಬ್ಬಳ ಮೆಸ್ ಕಟ್ ದಿನ ಎಣಿಸಲು ಬೇಕಾಗುವುದು ಇಷ್ಟೇ:

```sql
SELECT adm_no, COUNT(*) FROM mess_cut
WHERE dina BETWEEN '2025-11-01' AND '2025-11-30'
  AND raddu = 0
GROUP BY adm_no;
```

ಹುಡುಗಿಯನ್ನು ಗುರುತಿಸಲು ಹೆಸರಿನ ಬದಲು ಅಡ್ಮಿಶನ್ ನಂಬರನ್ನು ಇಟ್ಟದ್ದಕ್ಕೆ ನಮ್ಮ ಊರಿನದ್ದೇ ಕಾರಣ ಉಂಟು. ಇಲ್ಲಿ ಒಂದೇ ಹೆಸರು ಕನ್ನಡದಲ್ಲಿ ಒಂದು ಥರ, ಮಲಯಾಳದಲ್ಲಿ ಒಂದು ಥರ, ಎಸ್.ಎಸ್.ಎಲ್.ಸಿ. ಪುಸ್ತಕದ ಇಂಗ್ಲಿಷಿನಲ್ಲಿ ಮೂರನೆಯ ಥರ ಇರುತ್ತದೆ. ಇನಿಶಿಯಲ್ ಮುಂದೊಮ್ಮೆ, ಹಿಂದೊಮ್ಮೆ. ಒಂದೇ ಲಿಪಿಯಲ್ಲಿ, ಕಣ್ಣಿಗೆ ಒಂದೇ ರೀತಿ ಕಂಡರೂ ಕಂಪ್ಯೂಟರಿಗೆ ಬೇರೆಯಾಗಿರುವುದುಂಟು. ಮಲಯಾಳದಲ್ಲಿ ಸ್ವರವಿಲ್ಲದೆ ನಿಲ್ಲುವ ಚಿಲ್ಲಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ವಂತ ಸಂಕೇತ ಬಂದದ್ದು 2008ರ 5.1ನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲಿನ ಕೀಲಿಮಣೆಗಳು ಅವನ್ನು ಮೂರು ಸಂಕೇತ ಜೋಡಿಸಿ ಬರೆಯುತ್ತಿದ್ದವು. ಹೀಗೆ ಎರಡು ಬಗೆಯಲ್ಲಿ ಟೈಪಾದ ಒಂದೇ ಹೆಸರನ್ನು ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಕನ್ನಡದ ಕಡೆಯ ಉಪದ್ರ ಬೇರೆ. ಯೂನಿಕೋಡ್ ಅಲ್ಲದ ಹಳೆಯ "ನುಡಿ" ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಆಫೀಸಿನಲ್ಲಿದ್ದರೆ ಅದನ್ನು ಹಾಗೇ ತಂದು ಹಾಕಬೇಡಿ. ಅಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಫಾಂಟ್ ಬದಲಾದ ಕೂಡಲೇ ಬಯಲಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒಂದೊಂದಾಗಿ ಓದಿ ನೋಡಿ.

ಈಗ ಖರ್ಚು. ಕಂಪ್ಯೂಟರು, ಪ್ರಿಂಟರು ಆಫೀಸಿನಲ್ಲಿ ಈಗಾಗಲೇ ಇದೆ ಎಂದುಕೊಂಡು ನನ್ನ ಅಂದಾಜು ಹೇಳುತ್ತೇನೆ. ಪತ್ರಕ್ಕೆ ಮೊದಲು ಊರಿನ ಅಂಗಡಿಯಿಂದ ಕೊಟೇಶನ್ ತೆಗೆದುಕೊಳ್ಳಿ. ಯು.ಪಿ.ಎಸ್. ₹3,500. ಪೆನ್ ಡ್ರೈವ್ ಎರಡು, ₹1,200. ವರ್ಷದ ಕಾಗದ, ಟೋನರ್ ₹2,000. ಎಲ್ಲರೂ ಮರೆಯುವುದು ಮೊದಲ ಸಲ ಪಟ್ಟಿ ಏರಿಸುವ ಶ್ರಮವನ್ನು. ಒಬ್ಬಳ ವಿವರಕ್ಕೆ ನಾಲ್ಕು ನಿಮಿಷ ಹಿಡಿದರೆ 140 ಮಂದಿಗೆ 560 ನಿಮಿಷ, ಸುಮಾರು ಒಂಬತ್ತೂವರೆ ಗಂಟೆ. ಇನ್ನೊಬ್ಬರು ಅಡ್ಮಿಶನ್ ಫೈಲು ಹಿಡಿದು ಓದಿ ತಾಳೆ ನೋಡಲು ಅಷ್ಟೇ ಹೊತ್ತು. ಅದಕ್ಕೆ ಗೌರವಧನ ₹3,000 ಇಡಿ. ಒಟ್ಟು ₹9,700. ಎರಡು ಮೂರು ವರ್ಷಕ್ಕೊಮ್ಮೆ ಯು.ಪಿ.ಎಸ್. ಬ್ಯಾಟರಿ ಬದಲಿಸಬೇಕಾಗುತ್ತದೆ ಎಂದೂ ಬರೆಯಿರಿ, ಆಮೇಲೆ ಕೇಳಿದರೆ ಮುಖ ಕೆಡುತ್ತದೆ. ಹಣದ ಮೂಲವಾಗಿ ಪಿ.ಟಿ.ಎ. ನಿಧಿಯನ್ನೋ ಹಾಸ್ಟೆಲಿನ ಎಸ್ಟಾಬ್ಲಿಶ್‌ಮೆಂಟ್ ಖಾತೆಯನ್ನೋ ಸೂಚಿಸಿ. ಮೆಸ್ ಖರ್ಚಿಗೆ ಮಾತ್ರ ಸೇರಿಸಬೇಡಿ. ಸೇರಿಸಿದರೆ ಅದು ಭಾಗಿಸಿ ಮಕ್ಕಳ ಬಿಲ್ಲಿಗೇ ಬೀಳುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ.

"ಹಾಳಾದರೆ ಯಾರು ಹೊಣೆ" ಎಂಬುದಕ್ಕೆ ಉತ್ತರವಾಗಿ ಕೆಲಸವನ್ನು ಮೂವರಿಗೆ ಹಂಚಿ. ಬರೆಯುವುದು ಹಾಸ್ಟೆಲ್ ಗುಮಾಸ್ತರು. ವಾರಕ್ಕೊಮ್ಮೆ ಪ್ರಿಂಟನ್ನು ಚೀಟಿಗಳೊಂದಿಗೆ ತಾಳೆ ನೋಡಿ ರುಜು ಹಾಕುವುದು ನೀವು. ಪ್ರತಿ ಇಟ್ಟುಕೊಳ್ಳುವುದು ಪ್ರಿನ್ಸಿಪಾಲರ ಕಚೇರಿ. ಸಾಲನ್ನು ಅಳಿಸಬಾರದು ಎಂಬುದು ನಿಯಮ. ಹುಡುಗಿ ಎರಡು ದಿನ ಮೊದಲೇ ಬಂದರೆ raddu ಕಾಲಮಿಗೆ 1, karana ಕಾಲಮಿಗೆ ಕಾರಣ. ಗುಮಾಸ್ತರು ಅಳಿಸಿದರೂ ಆ ವಾರದ ರುಜು ಹಾಕಿದ ಪ್ರಿಂಟಿನಲ್ಲಿ ಅದು ಇರುತ್ತದೆ. ಗುರುತಿಲ್ಲದ ತಿದ್ದುಪಡಿಯನ್ನು ಹಿಡಿಯುವುದು ಆ ಕಾಗದವೇ. ಆದ್ದರಿಂದ ಪ್ರಿಂಟನ್ನು ಗುಮಾಸ್ತರ ಕಪಾಟಿನಲ್ಲಿ ಇಡಬೇಡಿ.

ಪ್ರತಿ ತೆಗೆಯುವುದು ಹೀಗೆ. DB Browser ಮುಚ್ಚಿ, ಬೇರೆಯಾಗಿ ಇಳಿಸಿಕೊಂಡ sqlite3 ಎಂಬ ಉಚಿತ ಪ್ರೋಗ್ರಾಮಿನಿಂದ, ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಓಡಿಸಿ:

```
sqlite3 hostel.db ".backup 'E:/hostel-2025-11-07.db'"
sqlite3 E:/hostel-2025-11-07.db "PRAGMA integrity_check;"
```

ಎರಡನೆಯ ಸಾಲಿಗೆ ok ಎಂದು ಬಂದರೆ ಪ್ರತಿ ನೆಟ್ಟಗಿದೆ ಎಂದರ್ಥ. ಒಂದು ವಾರ ಒಂದು ಡ್ರೈವು, ಮುಂದಿನ ವಾರ ಇನ್ನೊಂದು. ಡ್ರೈವನ್ನು ಕಿತ್ತುಕೊಂಡು ಹೋಗಿ ಪ್ರಿನ್ಸಿಪಾಲರ ಕೋಣೆಯಲ್ಲಿ ಇಡಬೇಕು. ಇದನ್ನು ಒತ್ತಿ ಹೇಳಲು ಕಾರಣ, ನಾನೇ ಒಮ್ಮೆ ಪೆನ್ ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟು ಮನೆಗೆ ಹೋಗಿದ್ದೆ. ತುಲಾಮಾಸದ ಸಂಜೆಯ ಸಿಡಿಲು. ಕಂಪ್ಯೂಟರೂ ಹೋಯಿತು, ಅದರ ಪ್ರತಿಯೂ ಹೋಯಿತು. ಇನ್ನೊಂದು, ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಆ ಪ್ರತಿಯನ್ನು ತೆರೆದು ಹಿಂದಿನ ತಿಂಗಳ ಬಿಲ್ಲನ್ನು ಮತ್ತೆ ತೆಗೆದು ನೋಡಿ. ಮೊತ್ತ ಫೈಲಿನಲ್ಲಿರುವುದಕ್ಕೆ ಸರಿಯಾಗಬೇಕು. ಡ್ರೈವಿನಲ್ಲಿರುವ ಪ್ರತಿಗೆ 7-Zip ನಿಂದ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡಿಲ್ಲದ ಫೈಲನ್ನು ಅಲ್ಲಿಂದ ಅಳಿಸಿ. ಆ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ರಿನ್ಸಿಪಾಲರ ಬೀರುವಿನಲ್ಲಿ ಇಡಿ. ಗಲ್ಫಿಗೆ ಹೋದ ಹುಡುಗನ ಕತೆ ಮತ್ತೆ ಆಗಬಾರದು.

ಏನನ್ನು ಹಾಕಬಾರದು ಎಂಬುದೂ ಪತ್ರದಲ್ಲಿ ಇರಲಿ. ಊಟದ ಲೆಕ್ಕಕ್ಕೆ ಆಧಾರ್ ಬೇಡ, ಜಾತಿ ಬೇಡ, ಫೋಟೋ ಬೇಡ, ಕಾಯಿಲೆಯ ವಿವರ ಬೇಡ. ಪ್ರಥಮ ವರ್ಷದವರಲ್ಲಿ 18 ತುಂಬದವರು ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯ ಮಾತು ಹೇಳುತ್ತದೆ. ಅಡ್ಮಿಶನ್ ಫಾರ್ಮಿಗೆ ಎರಡು ಸಾಲು ಸೇರಿಸಿ ಪೋಷಕರ ರುಜು ತೆಗೆದುಕೊಂಡರೆ ಒಳ್ಳೆಯದು. ಕಾಯ್ದೆಗಿಂತ ಹತ್ತಿರದ ಅಪಾಯ ವಾಟ್ಸಾಪ್. ಬಿಲ್ ಪಟ್ಟಿಯ ಫೋಟೋ ತೆಗೆದು ಗುಂಪಿಗೆ ಹಾಕಿದರೆ ಯಾವ ಹುಡುಗಿ ಯಾವ ವಾರ ಹಾಸ್ಟೆಲಿನಲ್ಲಿ ಇರಲಿಲ್ಲ ಎಂಬುದು ಊರಿಗೇ ಗೊತ್ತಾಗುತ್ತದೆ. ಗೋಡೆಗೆ ಹಚ್ಚುವ ಪಟ್ಟಿಯಲ್ಲಿ ಅಡ್ಮಿಶನ್ ನಂಬರು, ದಿನ, ಮೊತ್ತ ಇಷ್ಟೇ ಇರಲಿ.

ಇದೇ ಕಾರಣಕ್ಕೆ ಗೇಟಿನ ಹೋಗಿಬರುವ ರಿಜಿಸ್ಟರನ್ನು ಕಾಗದದಲ್ಲೇ ಬಿಡಿ ಎನ್ನುತ್ತೇನೆ. ಮಳೆಯಲ್ಲಿ ಕೊಡೆ ಹಿಡಿದು ನಿಂತ ಹುಡುಗಿಗೆ ಪೆನ್ನೇ ಬೇಗ. ಬೆಂಕಿ ಬಿದ್ದರೆ, ಕರೆಂಟಿಲ್ಲದ ರಾತ್ರಿ ಯಾರು ಒಳಗಿದ್ದಾರೆಂದು ತಿಳಿಯಬೇಕಾದರೆ ಕೈಗೆ ಸಿಗಬೇಕಾದದ್ದು ಪುಸ್ತಕ. ಸಾಮಾನಿನ ಸ್ಟಾಕ್ ರಿಜಿಸ್ಟರು, ಡಿಪಾಸಿಟ್ಟಿನದು ಒಂದು ವರ್ಷ ಕಳೆಯಲಿ, ಆಮೇಲೆ ನೋಡುವ.

ಪತ್ರದ ಮುಖ್ಯ ಭಾಗ ಹೀಗಿರಬಹುದು:

"ಮಾನ್ಯ ಪ್ರಿನ್ಸಿಪಾಲರಿಗೆ, ವಿಷಯ: ಹಾಸ್ಟೆಲಿನ ಮೆಸ್ ರಿಜಿಸ್ಟರನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಕಂಪ್ಯೂಟರಿನಲ್ಲೂ ಇಡಲು ಅನುಮತಿ ಕೋರಿ. ಕಳೆದ ತಿಂಗಳು ರಜೆಯ ರಿಜಿಸ್ಟರಿನಲ್ಲಿದ್ದು ಮೆಸ್ ರಿಜಿಸ್ಟರಿಗೆ ಏರದ ದಿನಗಳು ಇಷ್ಟು. ಇದರಿಂದ ಇಷ್ಟು ವಿದ್ಯಾರ್ಥಿನಿಯರು ಒಟ್ಟು ಇಷ್ಟು ರೂಪಾಯಿ ಹೆಚ್ಚು ಕೊಟ್ಟಿದ್ದಾರೆ. ಲೆಕ್ಕ ಲಗತ್ತಿಸಿದ್ದೇನೆ. ಒಟ್ಟು ವಸೂಲಿಯಲ್ಲಿ ವ್ಯತ್ಯಾಸ ಬಾರದ ಕಾರಣ ಇದು ಲೆಕ್ಕಪರಿಶೋಧನೆಯಲ್ಲಿ ಕಾಣುವಂಥದ್ದಲ್ಲ. ಮೊದಲ ಎರಡು ತಿಂಗಳು ಕಾಗದದ ರಿಜಿಸ್ಟರೂ ಕಂಪ್ಯೂಟರೂ ಜೊತೆಯಲ್ಲಿ ನಡೆಯುತ್ತವೆ. ಬಿಲ್ಲನ್ನು ಕಾಗದದಿಂದಲೇ ಹಾಕುತ್ತೇವೆ. ಎರಡರ ವ್ಯತ್ಯಾಸವನ್ನು ಪಟ್ಟಿ ಮಾಡಿ ತಮ್ಮ ಮುಂದಿಡುತ್ತೇನೆ. ಚೀಟಿಯೇ ಮೂಲ ದಾಖಲೆ. ಮೊದಲ ವರ್ಷದ ವೆಚ್ಚ ₹9,700, ವಿವರ ಲಗತ್ತಿಸಿದೆ. ಬರೆಯುವವರು, ತಾಳೆ ನೋಡುವವರು, ಪ್ರತಿ ಇಡುವವರು ಬೇರೆ ಬೇರೆ. ತಾಳೆಯಲ್ಲಿ ತಪ್ಪಾದರೆ ಹೊಣೆ ನನ್ನದು. ಸೆಮಿಸ್ಟರಿನ ಕೊನೆಗೆ ಬೇಡವೆನಿಸಿದರೆ ನಿಲ್ಲಿಸಬಹುದು, ಕಾಗದದ ರಿಜಿಸ್ಟರು ಹಾಗೆಯೇ ಇರುತ್ತದೆ."

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಹಿಂದಕ್ಕೆ ಬರುವ ದಾರಿ ಕಾಣದೆ ಹೋದರೆ ಯಾವ ಮೇಲಧಿಕಾರಿಯೂ ರುಜು ಹಾಕುವುದಿಲ್ಲ. ನಮ್ಮ ಕಡೆ ಪ್ರಿನ್ಸಿಪಾಲರು ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬರುವುದು ಹೆಚ್ಚು. ನಿಮ್ಮವರಿಗೆ ಕನ್ನಡ ಓದಲು ಬಾರದಿದ್ದರೆ ಕನ್ನಡ ಪತ್ರದ ಜೊತೆ ಇಂಗ್ಲಿಷ್ ಪ್ರತಿ ಇಡಿ. ಲೆಕ್ಕದ ಹಾಳೆಯಂತೂ ಎರಡರಲ್ಲೂ ಇರಲಿ.

ಪತ್ರದಲ್ಲಿ "ಇಷ್ಟು" ಎಂದು ಖಾಲಿ ಬಿಟ್ಟ ಜಾಗಗಳನ್ನು ತುಂಬಲು ನಿಮಗೆ ಯಾರ ಅನುಮತಿಯೂ ಬೇಕಿಲ್ಲ. ರಜೆಯ ರಿಜಿಸ್ಟರನ್ನೂ ಮೆಸ್ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಭಾನುವಾರ ಕೂತರೆ ಕಳೆದ ತಿಂಗಳ ತಪ್ಪಿದ ದಿನಗಳು ಸಿಗುತ್ತವೆ. ನಾಳೆಯೇ ಪ್ರೆಸ್ಸಿನಲ್ಲಿ ಚೀಟಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿಸಿ, ಚೀಟಿಯ ಅರ್ಧ ಭಾಗ ಹುಡುಗಿಯ ಕೈಯಲ್ಲಿ ಉಳಿಯುವ ಹಾಗೆ. 214 ಬಂದು 216 ಬಂದರೆ 215 ಎಲ್ಲಿ ಎಂದು ಅದೇ ದಿನ ವಾಚ್‌ಮನ್ನರನ್ನು ಕೇಳಬಹುದು.